37,000 ಅಡಿ ಎತ್ತರದಲ್ಲಿ ಮೆಲ್ಲಗೆ ಇಳಿದ ಗಾಳಿ: ಒಂದು ಪ್ರಕರಣ

ದೆಹಲಿಯಿಂದ ಹೈದರಾಬಾದಿಗೆ ಬರುತ್ತಿದ್ದ ಎರಡು ಇಂಜಿನ್ನಿನ ಜೆಟ್ ವಿಮಾನವದು. 37,000 ಅಡಿ ಎತ್ತರದಲ್ಲಿ ನೆಟ್ಟಗೆ ಹಾರುತ್ತಿತ್ತು. ಮಧ್ಯಪ್ರದೇಶದ ಮೇಲೆ ಬರುವಾಗ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗತೊಡಗಿತು. ಸದ್ದಿಲ್ಲ, ಮಂಜಿಲ್ಲ, ಮಾಸ್ಕ್ ಬೀಳಲಿಲ್ಲ. ಕೆಲವು ನಿಮಿಷಗಳಲ್ಲೇ ಪೈಲಟ್‌ಗಳು ವಿಮಾನವನ್ನು 10,000 ಅಡಿಗೆ ಇಳಿಸಿ ನಾಗಪುರದಲ್ಲಿ ನೆಲ ಮುಟ್ಟಿಸಿದರು. ಯಾರಿಗೂ ಪೆಟ್ಟಾಗಲಿಲ್ಲ.

ಆ ವಿಮಾನದಲ್ಲಿ ಕಲಬುರಗಿಯ ನಮ್ಮ ಓಣಿಯ ಒಬ್ಬ ಹುಡುಗಿ ಇದ್ದಳು. ಆಕೆ ನರ್ಸ್. ಅಪ್ಪನಿಗೆ ಶ್ವಾಸಕೋಶದ ಹಳೆಯ ಕಾಯಿಲೆ. ದೆಹಲಿಯಲ್ಲಿ ತೋರಿಸಿಕೊಂಡು, ಹೈದರಾಬಾದಿಗೆ ಬಂದು, ಅಲ್ಲಿಂದ ಕಾರಿನಲ್ಲಿ ಊರಿಗೆ ಬರುವುದು ಅವರ ಯೋಚನೆ. ಅಪ್ಪನಿಗಾಗಿ, ರಕ್ತದಲ್ಲಿನ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ಕೈಯಲ್ಲೇ ಇಟ್ಟುಕೊಂಡಿದ್ದಳು. ಆ ಹೊತ್ತಿನ ಅಂಕಿಗಳನ್ನೂ ಮೊಬೈಲಿನಲ್ಲಿ ಬರೆದಿಟ್ಟಿದ್ದಳು. ನಾನು ವಿಮಾನ ನಿರ್ವಹಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅದಕ್ಕೇ ಊರಿಗೆ ಬಂದವಳು ನನ್ನ ಹತ್ತಿರ ಕೇಳಲು ಬಂದಳು.

"ಕಾಕಾ, ಗಾಳಿ ಕಮ್ಮಿ ಆಗೇದ ಅಂತ ಅವರೇ ಹೇಳಿದ್ರು. ಹಂಗಾದ್ರ ಮಾಸ್ಕ್ ಯಾಕ ಬೀಳಲಿಲ್ರಿ? ಅಪ್ಪಾಗ ಏನರೆ ಆಗಿದ್ರ?"

ಈ ಪ್ರಶ್ನೆಗೆ ಒಂದು ಸಾಲಿನ ಉತ್ತರವಿದೆ. ಆದರೆ ಆ ಉತ್ತರ ಅರ್ಥವಾಗಬೇಕಾದರೆ ವಿಮಾನದೊಳಗೆ ಗಾಳಿ ಹೇಗೆ ನಿಲ್ಲುತ್ತದೆ ಅನ್ನುವುದು ಗೊತ್ತಿರಬೇಕು. ಆ ವಿಮಾನ ನಡೆಸುವ ಕಂಪನಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇದ್ದಾರೆ. ಏನು ಕೆಟ್ಟಿತ್ತು ಅನ್ನುವುದನ್ನು ಆಮೇಲೆ ಅವರಿಂದ ತಿಳಿದುಕೊಂಡೆ. ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಸಮುದ್ರದ ಮಟ್ಟದಲ್ಲಿ ಗಾಳಿಯ ಒತ್ತಡ 100 ಪಾಲು ಎಂದು ಇಟ್ಟುಕೊಳ್ಳೋಣ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ. ಹಾಗಾಗಿ ನಮ್ಮಲ್ಲಿ ಅದು 95ರ ಆಸುಪಾಸು. 37,000 ಅಡಿಯಲ್ಲಿ ಬರೀ 21. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕ ಇರುವುದು ಶೇಕಡಾ 21ರಷ್ಟೇ, ಆ ಪ್ರಮಾಣ ಬದಲಾಗುವುದಿಲ್ಲ. ಆದರೆ ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ನೂಕುವ ಒತ್ತಡವೇ ಅಲ್ಲಿ ಇಲ್ಲ. ಅಷ್ಟು ಎತ್ತರದ ಗಾಳಿಯನ್ನು ಉಸಿರಾಡಿದರೆ ಒಂದು ನಿಮಿಷದೊಳಗೇ ಮನುಷ್ಯನಿಗೆ ಸರಿಯಾಗಿ ಯೋಚಿಸುವ ಶಕ್ತಿ ಹೋಗುತ್ತದೆ.

ಹಾಗಾಗಿ ವಿಮಾನ ತನ್ನೊಳಗೆ ಗಾಳಿಯನ್ನು ಒತ್ತಿ ತುಂಬಿಕೊಳ್ಳುತ್ತದೆ. ಇಂಜಿನ್ನು ತನಗಾಗಿ ಹೇಗೂ ಗಾಳಿಯನ್ನು ಎಳೆದುಕೊಂಡು ಕಂಪ್ರೆಸರಿನಲ್ಲಿ ಒತ್ತುತ್ತಿರುತ್ತದೆ. ಅದರಲ್ಲಿ ಸ್ವಲ್ಪವನ್ನು ಇಂಧನ ಸೇರುವ ಮೊದಲೇ ಪೈಪಿನಿಂದ ಹೊರಗೆ ತೆಗೆಯುತ್ತಾರೆ. ಇದಕ್ಕೆ ಬ್ಲೀಡ್ ಏರ್ ಅನ್ನುತ್ತಾರೆ. ಅದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ವಿಮಾನದ ಹೊಟ್ಟೆಯಲ್ಲಿರುವ ಪ್ಯಾಕ್ ಎಂಬ ಯಂತ್ರ ಅದನ್ನು ತಣಿಸಿ ಕ್ಯಾಬಿನ್ನಿಗೆ ಬಿಡುತ್ತದೆ. ಇಂಥ ವಿಮಾನದಲ್ಲಿ ಪ್ಯಾಕ್‌ಗಳು ಎರಡು, ಇಂಜಿನ್ನಿಗೊಂದರಂತೆ. ಬೋಯಿಂಗ್ 787 ಮಾತ್ರ ಬೇರೆ. ಅದು ಇಂಜಿನ್ನಿನ ಗಾಳಿಯನ್ನು ಬಳಸುವುದಿಲ್ಲ, ವಿದ್ಯುತ್ ಕಂಪ್ರೆಸರುಗಳಿಂದ ಗಾಳಿ ತುಂಬುತ್ತದೆ.

ಬರುವ ಗಾಳಿ ಬರುತ್ತಲೇ ಇರುತ್ತದೆ. ಹಾಗಾದರೆ ಹೋಗುವುದೆಲ್ಲಿಗೆ? ವಿಮಾನದ ಹಿಂಭಾಗದಲ್ಲಿ ಕೆಳಗಡೆ ಔಟ್‌ಫ್ಲೋ ವಾಲ್ವ್ ಎಂಬ ಒಂದು ಕಿಂಡಿ ಇದೆ. ಅದರ ಬಾಗಿಲನ್ನು ಮೋಟಾರು ತೆರೆದು ಮುಚ್ಚುತ್ತಿರುತ್ತದೆ. ಒಳಗಿನ ಒತ್ತಡ ಎಷ್ಟಿರಬೇಕು ಅನ್ನುವುದನ್ನು ಒಳಗೆ ಬರುವ ಗಾಳಿ ತೀರ್ಮಾನಿಸುವುದಿಲ್ಲ, ಈ ಕಿಂಡಿ ತೀರ್ಮಾನಿಸುತ್ತದೆ. ಎರಡು ನಲ್ಲಿಗಳಿಂದ ನೀರು ಬರುತ್ತಿರುವ ತೊಟ್ಟಿಯನ್ನು ನೆನೆಸಿಕೊಳ್ಳಿ. ತಳದಲ್ಲಿ ನೀರು ಬಿಡುವ ತಿರುಪು ಇದೆ. ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕಾದರೆ ಬಂದಷ್ಟು ನೀರು ಆ ತಿರುಪಿನಿಂದ ಹೋಗಬೇಕು. ತೊಟ್ಟಿಯ ಗೋಡೆಯಲ್ಲಿ ಒಂದು ಬಿರುಕು ಬಿಟ್ಟಿತು ಅನ್ನಿ. ನೀವು ತಿರುಪನ್ನು ಸ್ವಲ್ಪ ಬಿಗಿ ಮಾಡುತ್ತೀರಿ, ಮಟ್ಟ ಮತ್ತೆ ಅಲ್ಲೇ ನಿಲ್ಲುತ್ತದೆ. ದೂರದಿಂದ ನೋಡಿದವರಿಗೆ ತೊಟ್ಟಿ ಸೋರುತ್ತಿದೆ ಎಂದು ಗೊತ್ತೇ ಆಗುವುದಿಲ್ಲ.

ಈ ಪ್ರಕರಣದ ಒಳಗುಟ್ಟು ಅದರಲ್ಲೇ ಇದೆ.

ಒಳಗಿನ ಒತ್ತಡವನ್ನು ಪೈಲಟ್‌ಗಳು ಅಡಿಗಳ ಲೆಕ್ಕದಲ್ಲಿ ನೋಡುತ್ತಾರೆ. ಕ್ಯಾಬಿನ್ ಆಲ್ಟಿಟ್ಯೂಡ್ 8,000 ಅಡಿ ಎಂದರೆ, 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಒತ್ತಡ ಕ್ಯಾಬಿನ್ ಒಳಗಿದೆ ಎಂದರ್ಥ. ನಮ್ಮ ಪಾಲಿನ ಲೆಕ್ಕದಲ್ಲಿ ಅದು 74. ಮಾಮೂಲಿ ಹಾರಾಟದಲ್ಲಿ ಇದು 8,000 ಅಡಿ ದಾಟಬಾರದು ಅನ್ನುವುದು ವಿಮಾನ ಕಟ್ಟುವಾಗಿನ ನಿಯಮ. ನಮ್ಮ ಪ್ರಕರಣದ ವಿಮಾನ 37,000 ಅಡಿಯಲ್ಲಿ ಇದ್ದುದರಿಂದ ಕ್ಯಾಬಿನ್ ಆ ಗಡಿಯಲ್ಲೇ ಇತ್ತು.

ಕಲಬುರಗಿಯಲ್ಲಿರುವ ಒತ್ತಡವನ್ನೇ ಮೇಲೂ ಇಡಬಾರದೇ ಎಂದು ಜನ ಕೇಳುತ್ತಾರೆ. ಇಡಬಹುದು, ಆದರೆ ವಿಮಾನದ ಮೈ ಅದನ್ನು ತಡೆಯಬೇಕಲ್ವಾ? ಒಳಗೆ 74, ಹೊರಗೆ 21 ಇದ್ದಾಗಲೇ ವಿಮಾನದ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಐದೂವರೆ ಟನ್ ಭಾರದಷ್ಟು ಒತ್ತಡ ಹೊರಕ್ಕೆ ನೂಕುತ್ತಿರುತ್ತದೆ. ಪ್ರತಿ ಹಾರಾಟದಲ್ಲೂ ಮೈ ಒಮ್ಮೆ ಉಬ್ಬುತ್ತದೆ, ಒಮ್ಮೆ ಕುಗ್ಗುತ್ತದೆ. ಲೋಹಕ್ಕೆ ದಣಿವು ಬರುವುದು ಇದರಿಂದಲೇ. ಒತ್ತಡ ಜಾಸ್ತಿ ಮಾಡಿದಷ್ಟೂ ವಿಮಾನವನ್ನು ಗಟ್ಟಿಯಾಗಿ, ಅಂದರೆ ಭಾರವಾಗಿ, ಕಟ್ಟಬೇಕಾಗುತ್ತದೆ.

ಏನು ಕೆಟ್ಟಿತ್ತು

ಎರಡು ವಿಷಯಗಳು ಕೆಟ್ಟಿದ್ದವು. ಒಂದು ಹಳೆಯದು, ಇನ್ನೊಂದು ಆ ಗಳಿಗೆಯದು.

ಹಳೆಯದು ಹಿಂದಿನ ಲಗೇಜ್ ಬಾಗಿಲಿನ ಸೀಲ್. ಬಾಗಿಲಿನ ಅಂಚಿನ ಸುತ್ತ ಇರುವ ರಬ್ಬರ್ ಪಟ್ಟಿಯದು. ಲಗೇಜ್ ಹಾಕುವಾಗ, ತೆಗೆಯುವಾಗ ಪೆಟ್ಟಿಗೆಗಳು ತಾಗಿ ಕೆಳಗಿನ ಅಂಚಿನಲ್ಲಿ ಹರಿದಿತ್ತು. ಗಾಳಿ ಅಲ್ಲಿಂದ ಸೋರುತ್ತಿತ್ತು. ಔಟ್‌ಫ್ಲೋ ವಾಲ್ವ್ ತಾನಾಗಿಯೇ ಅಷ್ಟು ಜಾಸ್ತಿ ಮುಚ್ಚಿಕೊಂಡು ಒತ್ತಡವನ್ನು ಸರಿದೂಗಿಸುತ್ತಿತ್ತು. ಮೀಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಪ್ರಯಾಣಿಕರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಆ ಗಳಿಗೆಯದು ಎಡಗಡೆ ಪ್ಯಾಕ್. ಅದು ಒಳಗೆ ಜಾಸ್ತಿ ಬಿಸಿಯಾಗಿ, ಕೆಡದಿರಲಿ ಎಂದು ತನ್ನಷ್ಟಕ್ಕೆ ತಾನೇ ಬಂದ್ ಆಯಿತು. ಒಂದು ಪ್ಯಾಕ್ ಬಂದ್ ಆಗುವುದು ದೊಡ್ಡ ವಿಷಯವಲ್ಲ. ಉಳಿದದ್ದು ತನ್ನ ಹರಿವನ್ನು ಹೆಚ್ಚಿಸಿಕೊಳ್ಳುತ್ತದೆ. ಸೀಲುಗಳು ಚೆನ್ನಾಗಿರುವ ವಿಮಾನದಲ್ಲಿ ಒಂದೇ ಪ್ಯಾಕ್ ಸಾಕು, ಒತ್ತಡ ಕದಲುವುದಿಲ್ಲ. ಪೈಲಟ್‌ಗಳು ಚೆಕ್‌ಲಿಸ್ಟ್ ತೆಗೆದು, ಪ್ಯಾಕ್ ತಣ್ಣಗಾದ ಮೇಲೆ ಮತ್ತೆ ಹಾಕಿ ನೋಡುತ್ತಾರೆ. ಇವರೂ ಅದನ್ನೇ ಮಾಡುತ್ತಿದ್ದರು.

ಇಲ್ಲಿ ಒಂದು ಅಂದಾಜು ಲೆಕ್ಕ ಮಾಡೋಣ. ಈ ಅಂಕಿಗಳು ಆ ವಿಮಾನದ ದಾಖಲೆಯವಲ್ಲ. ಅಂಥ ಗಾತ್ರದ ವಿಮಾನಕ್ಕೆ ಹೊಂದುವಂತೆ ನಾನು ಇಟ್ಟುಕೊಂಡವು. ಒಳಗೆ ಒಟ್ಟು 265 ಕೆಜಿ ಗಾಳಿ ಇದೆ. ಎರಡು ಪ್ಯಾಕ್ ಸೇರಿ ಸೆಕೆಂಡಿಗೆ 0.8 ಕೆಜಿ ಗಾಳಿ ಕೊಡುತ್ತಿದ್ದವು. ಹರಿದ ಸೀಲೂ ಉಳಿದ ಸಣ್ಣಪುಟ್ಟ ಸೋರಿಕೆಗಳೂ ಸೇರಿ 0.65 ಕೆಜಿ ಹೊರಗೆ ಹೋಗುತ್ತಿತ್ತು. ಉಳಿದ 0.15 ಮಾತ್ರ ವಾಲ್ವಿನಿಂದ ಹೋಗುತ್ತಿತ್ತು. ಅಂದರೆ ವಾಲ್ವ್ ಆಗಲೇ ಬಹುತೇಕ ಮುಚ್ಚಿತ್ತು. ಈಗ ಒಂದು ಪ್ಯಾಕ್ ನಿಂತಿತು. ಇನ್ನೊಂದು ಎಷ್ಟು ದುಡಿದರೂ 0.5 ಕೆಜಿ ಕೊಡುತ್ತದೆ. ವಾಲ್ವ್ ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಮುಚ್ಚಿಕೊಂಡಿತು. ಅಲ್ಲಿಗೆ ಅದರ ಕೈಯಲ್ಲಿ ಆಗುವುದು ಮುಗಿಯಿತು. ಬರುವುದು 0.5, ಹೋಗುವುದು 0.65.

ಇದರಿಂದ ಏನಾಗುತ್ತದೆ? ಸೆಕೆಂಡಿಗೆ 0.15 ಕೆಜಿ ಕೊರತೆ. 265 ಕೆಜಿಯ ಮುಂದೆ ಅದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕ್ಯಾಬಿನ್ ಆಲ್ಟಿಟ್ಯೂಡ್ ಮೊದಲ ನಿಮಿಷದಲ್ಲೇ ಸುಮಾರು 800 ಅಡಿ ಏರುತ್ತದೆ. ಎರಡೂವರೆ ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ 10,000 ಅಡಿ ಮುಟ್ಟುತ್ತದೆ. ಆಮೇಲೆ ಏರುವ ವೇಗ ಕಡಿಮೆಯಾಗುತ್ತಾ ಹೋಗುತ್ತದೆ. ಯಾಕೆಂದರೆ ಒಳಗಿನ ಒತ್ತಡ ಇಳಿದಷ್ಟೂ ಸೀಲಿನಿಂದ ಸೋರುವ ಗಾಳಿಯೂ ಕಡಿಮೆಯಾಗುತ್ತದೆ. ಯಾರೂ ಏನೂ ಮಾಡದೆ ಹಾಗೇ ಹಾರುತ್ತಿದ್ದರೆ 10 ನಿಮಿಷಕ್ಕೆ 13,000 ಅಡಿ, ಸುಮಾರು 16 ನಿಮಿಷಕ್ಕೆ 14,000 ಅಡಿ. ಕೊನೆಗೆ ಬರುವುದೂ ಹೋಗುವುದೂ ಸಮವಾಗಿ 14,700 ಅಡಿಯ ಹತ್ತಿರ ನಿಲ್ಲುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಇಷ್ಟು ಎತ್ತರದಲ್ಲಿ ಹೊರಗಿನ ಒತ್ತಡ ಒಳಗಿನದರ ಅರ್ಧಕ್ಕಿಂತ ಕಡಿಮೆ. ಆಗ ಸಂದಿಯಿಂದ ಹೋಗುವ ಗಾಳಿ ಶಬ್ದದ ವೇಗವನ್ನು ಮುಟ್ಟಿ ಅಲ್ಲಿಗೆ ನಿಲ್ಲುತ್ತದೆ. ಹೊರಗೆ ಇನ್ನೂ ತೆಳುವಾದರೂ ಸೋರಿಕೆ ಜಾಸ್ತಿ ಆಗುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ವಿಮಾನ ಕೆಲವು ಸಾವಿರ ಅಡಿ ಕೆಳಗಿಳಿದ ಮಾತ್ರಕ್ಕೆ ಸೋರಿಕೆ ಕಡಿಮೆ ಆಗುವುದಿಲ್ಲ. ಸುಮಾರು 27,000 ಅಡಿಗಿಂತ ಕೆಳಗೆ ಬಂದ ಮೇಲಷ್ಟೇ ಇಳಿಯುವುದರ ಲಾಭ ಸಿಗಲು ಶುರುವಾಗುತ್ತದೆ.

ಆ ಕೆಲವು ನಿಮಿಷಗಳು

ಪ್ಯಾಕ್ ಬಂದ್ ಆದಾಗ ಹುಡುಗಿಗೆ ಗೊತ್ತಾದದ್ದು ತಲೆಯ ಮೇಲಿನ ಗಾಳಿಯ ಸದ್ದು ಕಡಿಮೆಯಾದದ್ದು ಮಾತ್ರ. "ಎಸಿ ಸಣ್ಣ ಮಾಡ್ಯಾರ ಅನಕೊಂಡೆ" ಅಂದಳು. ಸ್ವಲ್ಪ ಹೊತ್ತಿಗೆ ಕಿವಿ ಟಪ್ ಅಂದಿತು. ಇದು ಗಮನಿಸಬೇಕಾದ ಮಾತು. ವಿಮಾನ ಏರುವಾಗ ಕಿವಿ ಟಪ್ ಅನ್ನುವುದು ಸಹಜ. ನೆಟ್ಟಗೆ ಹಾರುವಾಗ ಕ್ಯಾಬಿನ್ ಆಲ್ಟಿಟ್ಯೂಡ್ ಬದಲಾಗುವ ಕಾರಣವೇ ಇಲ್ಲ. ಆದರೆ ಒತ್ತಡ ಇಳಿಯುವಾಗ ಕಿವಿಯೊಳಗಿನ ಗಾಳಿ ಸುಲಭವಾಗಿ ಹೊರಗೆ ಬಂದುಬಿಡುತ್ತದೆ, ನೋವಾಗುವುದಿಲ್ಲ. ಹಾಗಾಗಿ ಅರ್ಧ ಜನ ಅದನ್ನು ಗಮನಿಸುವುದೇ ಇಲ್ಲ. ಆಕೆಯ ಮುಂದಿದ್ದ ಚಿಪ್ಸ್ ಪ್ಯಾಕೆಟ್ ಆಗಲೇ ಉಬ್ಬಿತ್ತು, ಇನ್ನಷ್ಟು ಬಿಗಿಯಾಯಿತು. ಹೊಟ್ಟೆ ಉಬ್ಬರಿಸಿದ ಹಾಗಾಯಿತು. ಹೊಟ್ಟೆಯೊಳಗಿನ ಗಾಳಿಯೂ ಹಾಗೇ ಹಿಗ್ಗುತ್ತದೆ.

ಒಮ್ಮೆಲೇ ಒತ್ತಡ ಹೋದರೆ ಬೇರೆ ರೀತಿ. ದೊಡ್ಡ ಸದ್ದು ಬರುತ್ತದೆ, ಗಾಳಿಯಲ್ಲಿನ ತೇವ ಮಂಜಾಗುತ್ತದೆ, ಚಳಿ ಹೊಡೆಯುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ನಿಧಾನಕ್ಕೆ ಹೋದಾಗ ಇದು ಯಾವುದೂ ಇಲ್ಲ. ನಮ್ಮ ಮೈಯೂ ಎಚ್ಚರಿಸುವುದಿಲ್ಲ. ನಮಗೆ ಉಸಿರು ಕಟ್ಟಿದ ಹಾಗೆ ಅನ್ನಿಸುವುದು ಬಹುಮಟ್ಟಿಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಾಗ. ತೆಳು ಗಾಳಿಯಲ್ಲಿ ಅದು ಸಲೀಸಾಗಿ ಹೊರಗೆ ಹೋಗುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದರೂ ಉಸಿರು ಕಟ್ಟುವುದಿಲ್ಲ. ಬದಲಿಗೆ ತಲೆ ಹಗುರವಾಗುತ್ತದೆ, ನಿದ್ದೆ ಬಂದ ಹಾಗಾಗುತ್ತದೆ, ಕೆಲವರಿಗೆ ಖುಷಿಯೂ ಆಗುತ್ತದೆ. ಎಲ್ಲ ಸರಿಯಾಗಿಯೇ ಇದೆ ಎಂಬ ಧೈರ್ಯ ಬರುತ್ತದೆ. ಅಪಾಯ ಇರುವುದು ಆ ಧೈರ್ಯದಲ್ಲೇ.

ಆಕೆ ಬರೆದಿಟ್ಟ ಅಂಕಿಗಳು ಇದನ್ನೇ ತೋರಿಸುತ್ತವೆ. ಮೊದಲು ಆಕೆಯ ಬೆರಳಿನಲ್ಲಿ 93, ಅಪ್ಪನದು 88 ಇತ್ತು. ಅಪ್ಪನಿಗೆ ಕಾಯಿಲೆ ಇರುವುದರಿಂದ 8,000 ಅಡಿಯ ಒತ್ತಡದಲ್ಲೇ ಅಷ್ಟಕ್ಕೆ ಇಳಿದಿತ್ತು. ವಿಮಾನ ಜೋರಾಗಿ ಇಳಿಯುತ್ತಿದ್ದಾಗ ಮತ್ತೆ ನೋಡಿದರೆ ಆಕೆಯದು 88, ಅಪ್ಪನದು 80.

"ಅಪ್ಪಾಗ ಕೇಳಿದ್ರ, ಏನೂ ಇಲ್ಲವ್ವ, ಆರಾಮ ಅದೀನಿ, ಸುಮ್ನೆ ನಿದ್ದಿ ಬರಲಿಕತ್ತೇದ ಅಂದ್ರು ಕಾಕಾ."

ಆಕ್ಸಿಮೀಟರ್ 80 ತೋರಿಸುವಾಗ ಬಾಯಿ ಆರಾಮ ಅನ್ನುತ್ತಿತ್ತು. ಈ ಮಾತನ್ನು ನಾನು ಆಕೆಗೆ ಎರಡೆರಡು ಸಲ ಹೇಳಿದೆ. ಮುಂದೆ ಯಾವತ್ತಾದರೂ ಹೀಗಾದರೆ ಅಪ್ಪನ ಮಾತನ್ನು ನಂಬಬೇಡ, ಅಂಕಿಯನ್ನು ನಂಬು.

ಮುಂದೆ ಕಾಕ್‌ಪಿಟ್‌ನಲ್ಲಿ ಏನಾಯಿತು ನೋಡೋಣ. ಕ್ಯಾಬಿನ್ 10,000 ಅಡಿ ದಾಟುತ್ತಿದ್ದ ಹಾಗೇ ಎಚ್ಚರಿಕೆ ಕೂಗಿತು. ಆಗ ಮೊದಲ ಕೆಲಸ ಒಂದೇ. ಇಬ್ಬರೂ ಪೈಲಟ್‌ಗಳು ತಮ್ಮ ಆಮ್ಲಜನಕದ ಮಾಸ್ಕ್ ಹಾಕಿಕೊಳ್ಳಬೇಕು. ಕಾರಣ ಹುಡುಕುವುದು, ಪ್ಯಾಕ್ ನೋಡುವುದು, ನೆಲದ ಏರ್ ಟ್ರಾಫಿಕ್ ಕಂಟ್ರೋಲ್ ಜೊತೆ ಮಾತಾಡುವುದು ಎಲ್ಲ ಆಮೇಲೆ. ಮಾಸ್ಕ್ ಹಾಕಿಕೊಂಡ ಮೇಲೆ ಒಬ್ಬರು ಇನ್ನೊಬ್ಬರ ಮಾತು ಕೇಳುತ್ತಿದೆಯೇ ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ಔಟ್‌ಫ್ಲೋ ವಾಲ್ವ್ ಎಲ್ಲಿದೆ ಎಂದು ನೋಡುತ್ತಾರೆ. ಅದು ತೆರೆದುಕೊಂಡಿದ್ದರೆ ಕೈಯಿಂದ ಮುಚ್ಚಬಹುದು, ಸಮಸ್ಯೆ ಅಲ್ಲೇ ಮುಗಿಯುತ್ತದೆ. ಇಲ್ಲಿ ಅದು ಆಗಲೇ ಪೂರ್ತಿ ಮುಚ್ಚಿತ್ತು. ಆದರೂ ಕ್ಯಾಬಿನ್ ಏರುತ್ತಿತ್ತು. ಅಂದರೆ ಒತ್ತಡ ತಮ್ಮ ಹತೋಟಿಯಲ್ಲಿ ಇಲ್ಲ, ಇಳಿಯಲೇಬೇಕು. ತುರ್ತು ಪರಿಸ್ಥಿತಿ ಎಂದು ಕಂಟ್ರೋಲಿಗೆ ಹೇಳಿ, ಇಂಜಿನ್ ತಗ್ಗಿಸಿ, ರೆಕ್ಕೆಯ ಮೇಲಿನ ಸ್ಪೀಡ್‌ಬ್ರೇಕ್ ಎತ್ತಿ ಇಳಿಯಲು ಶುರು ಮಾಡಿದರು. 37,000ದಿಂದ 10,000 ಅಡಿಗೆ ಬರಲು ಐದಾರು ನಿಮಿಷ ಸಾಕು. ಮಧ್ಯಪ್ರದೇಶದ ಮೇಲೆ 10,000 ಅಡಿಗೆ ತಲೆ ಎತ್ತುವ ಬೆಟ್ಟಗಳಿಲ್ಲ. ನೇರವಾಗಿ ಇಳಿಯಬಹುದು. ಲೇಹ್ ಕಡೆ ಹೋಗುವ ವಿಮಾನಗಳಿಗೆ ಈ ಅನುಕೂಲ ಇಲ್ಲ. ಅಲ್ಲಿ ಯಾವ ಕಣಿವೆಯ ಮೇಲಿಂದ ಇಳಿಯಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಇಳಿಯುವಾಗಲೂ ಮೊದಲ ಕೆಲವು ನಿಮಿಷ ಕ್ಯಾಬಿನ್ ಏರುತ್ತಲೇ ಇತ್ತು. ಯಾಕೆ ಅನ್ನುವುದನ್ನು ಮೇಲೆ ಹೇಳಿದೆ. ನನ್ನ ಲೆಕ್ಕದ ಪ್ರಕಾರ, ವಿಮಾನ 19,000 ಅಡಿಯ ಹತ್ತಿರ ಬಂದಾಗ ಸೋರಿಕೆ ತಗ್ಗಿ, ಒಂದೇ ಪ್ಯಾಕಿನ ಗಾಳಿ ಅದನ್ನು ಮೀರಿಸುತ್ತದೆ. ಅಷ್ಟರಲ್ಲಿ ಕ್ಯಾಬಿನ್ ಸುಮಾರು 12,000 ಅಡಿ ಮುಟ್ಟಿರುತ್ತದೆ. ಅಲ್ಲಿಂದ ಅದೂ ಇಳಿಯತೊಡಗುತ್ತದೆ. ಆಕೆ ಆಕ್ಸಿಮೀಟರಿನಲ್ಲಿ ಕಂಡ 88 ಮತ್ತು 80 ಆ ತುದಿಯ ಹೊತ್ತಿನವು ಎಂದು ಕಾಣುತ್ತದೆ.

ಮಾಸ್ಕ್ ಯಾಕೆ ಬೀಳಲಿಲ್ಲ

ಈಗ ಆಕೆಯ ಪ್ರಶ್ನೆಗೆ ಉತ್ತರ. ಪ್ರಯಾಣಿಕರ ಮಾಸ್ಕುಗಳು ತಾವಾಗಿ ಬೀಳುವುದು ಕ್ಯಾಬಿನ್ ಆಲ್ಟಿಟ್ಯೂಡ್ 14,000 ಅಡಿಯ ಹತ್ತಿರ ಬಂದಾಗ. ಇಲ್ಲಿ ಅದು 12,000ದಲ್ಲೇ ತಿರುಗಿತು. ಪೈಲಟ್‌ಗಳು ಬೇಕಿದ್ದರೆ ಸ್ವಿಚ್ ಒತ್ತಿ ಬೀಳಿಸಬಹುದು. ಆದರೆ ಕ್ಯಾಬಿನ್ ಅಷ್ಟು ಏರುವ ಮೊದಲೇ ಕೆಳಗೆ ತಲುಪುತ್ತೇವೆ ಎಂದು ಗೊತ್ತಿದ್ದಾಗ ಹಾಗೆ ಮಾಡುವ ಅಗತ್ಯ ಇರುವುದಿಲ್ಲ.

ಆ ಮಾಸ್ಕುಗಳ ಹಿಂದೆ ಬಹಳಷ್ಟು ವಿಮಾನಗಳಲ್ಲಿ ಸಿಲಿಂಡರ್ ಇರುವುದಿಲ್ಲ. ಸೀಟಿನ ಮೇಲೆ ಒಂದು ಸಣ್ಣ ಡಬ್ಬಿಯಲ್ಲಿ ಸೋಡಿಯಂ ಕ್ಲೋರೇಟ್ ಇರುತ್ತದೆ. ಮಾಸ್ಕ್ ಎಳೆದಾಗ ಪಿನ್ ಕಳಚಿ ಅದು ಉರಿಯಲು ಶುರುವಾಗುತ್ತದೆ, ಆಮ್ಲಜನಕ ಬಿಡುತ್ತದೆ. ಸುಟ್ಟ ವಾಸನೆ ಬರುತ್ತದೆ, ಹೆದರಬೇಕಾಗಿಲ್ಲ. ಒಮ್ಮೆ ಶುರುವಾದರೆ ನಿಲ್ಲಿಸಲು ಬರುವುದಿಲ್ಲ, ಸುಮಾರು 12 ನಿಮಿಷ ಬರುತ್ತದೆ. ವಿಮಾನ ಕೆಳಗೆ ಬರಲು ಅಷ್ಟು ಸಾಕು ಅನ್ನುವ ಲೆಕ್ಕ ಅದರ ಹಿಂದಿದೆ.

14,000 ಅನ್ನುವ ಗಡಿ ಆರೋಗ್ಯವಂತರನ್ನು ನೋಡಿ ಇಟ್ಟದ್ದು. 15,000 ಅಡಿಯ ಗಾಳಿಯಲ್ಲಿ ಆರೋಗ್ಯವಂತ ಮನುಷ್ಯ ಅರ್ಧ ಗಂಟೆ ಅಥವಾ ಜಾಸ್ತಿ ಹೊತ್ತು ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ. 25,000ದಲ್ಲಿ ಅದು ಮೂರರಿಂದ ಐದು ನಿಮಿಷ. ಹುಡುಗಿಯ ಅಪ್ಪನಂಥವರಿಗೆ 8,000 ಅಡಿಯೇ ಜಾಸ್ತಿ. ಅವರು ಮೇಲಿನಿಂದ ಮಾಸ್ಕ್ ಬೀಳುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ವಿಮಾನ ಕಂಪನಿಯ ವೈದ್ಯಕೀಯ ಫಾರ್ಮ್ ತುಂಬಿ, ಜೊತೆಗೆ ಆಮ್ಲಜನಕದ ವ್ಯವಸ್ಥೆ ಮಾಡಿಕೊಳ್ಳಬೇಕು. ಕಲಬುರಗಿಯಿಂದ, ಬೀದರಿನಿಂದ ಚಿಕಿತ್ಸೆಗೆ ದೂರದ ಊರುಗಳಿಗೆ ವಿಮಾನದಲ್ಲಿ ಹೋಗುವವರು ಈಗ ಜಾಸ್ತಿ. ಆಸ್ಪತ್ರೆಯ ಕಾಗದಗಳ ಜೊತೆ ಇದನ್ನೂ ನೆನಪಿಟ್ಟುಕೊಳ್ಳಲಿ ಎಂದು ಕಳಕಳಿಯಿಂದ ಹೇಳುತ್ತಿದ್ದೇನೆ.

ಎಚ್ಚರಿಕೆ ಕೂಗಿಯೂ ಅರ್ಥವಾಗದಿದ್ದರೆ

ನಮ್ಮ ಪ್ರಕರಣ ಸುಖವಾಗಿ ಮುಗಿಯಲು ಕಾರಣ, ಎಚ್ಚರಿಕೆ ಕೂಗಿದ ತಕ್ಷಣ ಪೈಲಟ್‌ಗಳು ಮಾಸ್ಕ್ ಹಾಕಿಕೊಂಡದ್ದು. ಹಾಗೆ ಆಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2005ರ ಆಗಸ್ಟ್ 14ರ ದುರಂತವಿದೆ. ಸೈಪ್ರಸ್‌ನ ಲಾರ್ನಕದಿಂದ ಅಥೆನ್ಸ್ ಕಡೆ ಹೊರಟ ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737 ಅದು. ಆ ದಿನ ಬೆಳಗಿನ ಜಾವ ಸೋರಿಕೆ ಪರೀಕ್ಷೆ ಮಾಡಿದ ಮೇಲೆ ಒತ್ತಡದ ಸ್ವಿಚ್ ಮ್ಯಾನುಯಲ್‌ನಲ್ಲೇ ಉಳಿದಿತ್ತು. ಹಾಗಾಗಿ ಔಟ್‌ಫ್ಲೋ ವಾಲ್ವ್ ತಾನಾಗಿ ಮುಚ್ಚಿಕೊಳ್ಳದೆ ಸ್ವಲ್ಪ ತೆರೆದೇ ಇತ್ತು. ಹೊರಡುವ ಮೊದಲು ಪೈಲಟ್‌ಗಳಿಗೂ ಅದು ಕಣ್ಣಿಗೆ ಬೀಳಲಿಲ್ಲ. ವಿಮಾನ ಸುಮಾರು 12,000 ಅಡಿ ಏರಿದಾಗ ಎಚ್ಚರಿಕೆಯ ಹಾರ್ನ್ ಕೂಗಿತು. ಆ ವಿಮಾನದಲ್ಲಿ ಟೇಕಾಫ್‌ಗೆ ಎಲ್ಲ ಸಿದ್ಧವಿಲ್ಲ ಎಂದು ಹೇಳುವ ಹಾರ್ನ್ ಸದ್ದೂ ಅದೇ. ಪೈಲಟ್‌ಗಳು ಅದೇ ಇರಬೇಕು ಎಂದುಕೊಂಡರು. ಮಾಸ್ಕ್ ಹಾಕಿಕೊಳ್ಳದೆ ನೆಲದ ಇಂಜಿನಿಯರ್ ಜೊತೆ ಬೇರೆ ಯಾವುದೋ ದೀಪದ ಬಗ್ಗೆ ಮಾತಾಡುತ್ತಾ ಏರುತ್ತಲೇ ಹೋದರು. ಸ್ವಲ್ಪ ಹೊತ್ತಿಗೆ ಅವರ ಮಾತು ನಿಂತಿತು. ಆಟೋಪೈಲಟ್ ವಿಮಾನವನ್ನು 34,000 ಅಡಿಗೆ ಒಯ್ದು, ಅಥೆನ್ಸ್ ಹತ್ತಿರ ಸುತ್ತು ಹಾಕಿಸಿತು. ಇಂಧನ ಮುಗಿದು ಗ್ರಾಮ್ಮಾತಿಕೋ ಬಳಿಯ ಬೆಟ್ಟಕ್ಕೆ ಬಿತ್ತು. ಇದ್ದ 121 ಜನರೂ ಸತ್ತರು.

ಅಲ್ಲಿ ಪ್ರಯಾಣಿಕರ ಮಾಸ್ಕುಗಳು ಬಿದ್ದಿದ್ದವು. ಆದರೆ ವಿಮಾನ ಇಳಿಯುವ ಬದಲು ಏರುತ್ತಿತ್ತು. ಹನ್ನೆರಡು ನಿಮಿಷದ ಆಮ್ಲಜನಕ ಅಂಥಲ್ಲಿ ಯಾರನ್ನೂ ಉಳಿಸುವುದಿಲ್ಲ.

ನಮ್ಮ ವಿಮಾನದಲ್ಲಿ ಎರಡನೇ ಪ್ಯಾಕ್ ಕೂಡ ನಿಂತಿದ್ದರೆ ಎಂದೂ ಲೆಕ್ಕ ಹಾಕಿ ನೋಡಿದೆ. ಅದೇ ಹರಿದ ಸೀಲ್, ಅದೇ ಎತ್ತರ, ಒಳಗೆ ಬರುವ ಗಾಳಿ ಸೊನ್ನೆ. ಕ್ಯಾಬಿನ್ 14,000 ಅಡಿ ಮುಟ್ಟಲು ಒಂದೂವರೆ ನಿಮಿಷದ ಮೇಲೆ ಸ್ವಲ್ಪ, 25,000 ಅಡಿಗೆ ಸುಮಾರು 5 ನಿಮಿಷ. ಸೀಲ್ ಚೆನ್ನಾಗಿದ್ದು ಸೋರಿಕೆ ಸೆಕೆಂಡಿಗೆ 0.3 ಕೆಜಿ ಮಾತ್ರ ಇದ್ದಿದ್ದರೆ, 14,000 ಅಡಿಗೆ ಮೂರೂವರೆ ನಿಮಿಷ ಸಿಗುತ್ತಿತ್ತು. ಎರಡು ನಿಮಿಷದ ಈ ವ್ಯತ್ಯಾಸ ಕಾಕ್‌ಪಿಟ್‌ನಲ್ಲಿ ಕೂತವರಿಗೆ ದೊಡ್ಡದು. ಸೀಲ್ ಸೋರಿದರೂ ಹಾರಾಟ ನಡೆಯುತ್ತದೆ ಎಂದು ಬಿಡುವವರು ಕಳೆಯುತ್ತಿರುವುದು ಈ ನಿಮಿಷಗಳನ್ನೇ.

ಸೋರಿಕೆಯನ್ನು ಮೊದಲೇ ಹಿಡಿಯುವುದು ಹೇಗಿತ್ತು

ಕ್ಯಾಬಿನ್ ಆಲ್ಟಿಟ್ಯೂಡ್ ನೋಡಿದರೆ ಸಿಗುತ್ತಿರಲಿಲ್ಲ. ಅದು ಸರಿಯಾಗಿಯೇ ಇತ್ತು. ನೋಡಬೇಕಾದದ್ದು ಔಟ್‌ಫ್ಲೋ ವಾಲ್ವ್ ಎಷ್ಟು ತೆರೆದಿದೆ ಅನ್ನುವುದನ್ನು. ಅದೇ ಎತ್ತರದಲ್ಲಿ, ಎರಡೂ ಪ್ಯಾಕ್ ಓಡುತ್ತಿರುವಾಗ, ಅದೇ ಜಾತಿಯ ಬೇರೆ ವಿಮಾನಗಳಿಗಿಂತ ಒಂದು ವಿಮಾನದ ವಾಲ್ವ್ ಜಾಸ್ತಿ ಮುಚ್ಚಿದ್ದರೆ, ಗಾಳಿ ಬೇರೆ ಎಲ್ಲಿಂದಲೋ ಹೋಗುತ್ತಿದೆ. ನನ್ನ ಸಹೋದ್ಯೋಗಿ ಹಿಂದಿನ ಹಾರಾಟಗಳ ದಾಖಲೆ ತೆಗೆದು ನೋಡಿದಾಗ ಇದೇ ಕಂಡಿತು. ಈ ವಿಮಾನದ ವಾಲ್ವ್ ವಾರವಾರಕ್ಕೂ ಸ್ವಲ್ಪ ಸ್ವಲ್ಪ ಮುಚ್ಚಿಕೊಳ್ಳುತ್ತಾ ಬಂದಿತ್ತು. ದಾಖಲೆ ಇತ್ತು, ಅದನ್ನು ತೆಗೆದು ನೋಡುವ ಪದ್ಧತಿ ಇರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ಕೊರತೆ ಅದು.

ಕಣ್ಣಿಗೂ ಕಿವಿಗೂ ಸಿಗುವ ಗುರುತುಗಳೂ ಇವೆ. ಸೋರುವ ಸೀಲಿನ ಹೊರಗೆ ಬಾಗಿಲಿನ ಅಂಚಿನಿಂದ ಹಿಂದಕ್ಕೆ ಕಪ್ಪು ಕೊಳೆಯ ಗೆರೆ ಹಿಡಿದಿರುತ್ತದೆ. ಒಳಗಿನ ಧೂಳು, ಜಿಡ್ಡು ಗಾಳಿಯ ಜೊತೆ ಬಂದು ಅಲ್ಲಿ ಅಂಟಿರುತ್ತದೆ. ಪ್ರತಿ ದಿನ ವಿಮಾನದ ಸುತ್ತ ಓಡಾಡುವವರು ಆ ಗೆರೆಯನ್ನು ಒರೆಸಿಬಿಡುತ್ತಾರೆ. ಒರೆಸುವ ಮೊದಲು ಬರೆದಿಡಬೇಕು. ಹಾರುವಾಗ ಪ್ರಯಾಣಿಕರ ಬಾಗಿಲಿನ ಹತ್ತಿರ ಸಿಳ್ಳೆಯಂಥ ಸದ್ದು ಬರುತ್ತದೆ ಎಂದು ಸಿಬ್ಬಂದಿ ಹೇಳಿದರೆ ಅದನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಲಗೇಜ್ ಬಾಗಿಲಿನ ಹತ್ತಿರ ಯಾರೂ ಕೂರುವುದಿಲ್ಲವಾದ್ದರಿಂದ ಅಲ್ಲಿನ ಸಿಳ್ಳೆ ಯಾರ ಕಿವಿಗೂ ಬೀಳುವುದಿಲ್ಲ.

ಅನುಮಾನ ಬಂದ ಮೇಲೆ ಖಾತ್ರಿ ಮಾಡಿಕೊಳ್ಳುವುದು ನೆಲದ ಮೇಲಿನ ಪರೀಕ್ಷೆಯಿಂದ. ಎಲ್ಲ ಬಾಗಿಲು ಮುಚ್ಚಿ, ವಾಲ್ವ್ ಮುಚ್ಚಿ, ನಿಗದಿತ ಒತ್ತಡದವರೆಗೆ ಗಾಳಿ ತುಂಬುತ್ತಾರೆ. ಆಮೇಲೆ ಗಾಳಿ ಬರುವುದನ್ನು ನಿಲ್ಲಿಸಿ, ಒತ್ತಡ ಇಂತಿಷ್ಟಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡುತ್ತಾರೆ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬೇಗ ಇಳಿದರೆ ಬಾಗಿಲು ಬಾಗಿಲಿಗೂ ಕಿವಿಗೊಟ್ಟು, ಸಾಬೂನು ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ಹುಡುಕಬೇಕು. ಪರೀಕ್ಷೆ ಮುಗಿದ ಮೇಲೆ ಸ್ವಿಚ್ಚನ್ನು ಮತ್ತೆ ಆಟೋಗೆ ತಿರುಗಿಸಿದ್ದನ್ನು ಇನ್ನೊಬ್ಬರು ಬಂದು ನೋಡಿ ಸಹಿ ಮಾಡಬೇಕು. ಈ ಎರಡನೇ ಜೋಡಿ ಕಣ್ಣುಗಳ ಬಗ್ಗೆ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಹೀಲಿಯೋಸ್ ಪರೀಕ್ಷೆಯೂ ಸೋರಿಕೆ ಹುಡುಕಲೆಂದೇ ಮಾಡಿದ್ದಲ್ವಾ?

ನಾಗಪುರದಲ್ಲಿ ಈ ವಿಮಾನದ ಪರೀಕ್ಷೆ ನಡೆದಾಗ ಹಿಂದಿನ ಲಗೇಜ್ ಬಾಗಿಲಿನ ಕೆಳ ಅಂಚಿನಲ್ಲಿ ಗುಳ್ಳೆಗಳು ಬಂದವು. ಸೀಲ್ ಬದಲಾಯಿಸಿದರು, ಬಂದ್ ಆಗಿದ್ದ ಪ್ಯಾಕನ್ನು ಕಳಚಿ ಬೇರೆ ಹಾಕಿದರು. ಮತ್ತೆ ಪರೀಕ್ಷೆ ಮಾಡಿದಾಗ ಒತ್ತಡ ಇಳಿಯಲು ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಹೊತ್ತು ಹಿಡಿಯಿತು. ಆ ಕಂಪನಿಯಲ್ಲಿ ಈಗ ಪ್ರತಿ ವಿಮಾನದ ವಾಲ್ವ್ ಎಷ್ಟು ತೆರೆದಿತ್ತು ಅನ್ನುವುದನ್ನು ದಾಖಲೆಯಿಂದ ತೆಗೆದು, ಒಂದರ ಪಕ್ಕ ಒಂದಿಟ್ಟು ವಾರಕ್ಕೊಮ್ಮೆ ನೋಡುತ್ತಾರೆ.